ಮೊಣಕೈಗೆ ಎರಡು ಉತ್ತರ

ಫ್ಯಾನ್ ರಿಪೇರಿ ಮಾಡುವ ನಮ್ಮ ಸೋದರಮಾವ ತಪ್ಪು ಒಪ್ಪಿಕೊಂಡದ್ದನ್ನು ಕಂಡವರಿಲ್ಲ. ಅಗ್ಗದ ಆರು ಮೋಟಾರು ಜೋಡಿಸಿ ಅಂಗಡಿಯ ಮೇಜಿನ ಮೇಲೆ ಒಂದು ರೋಬೋಟ್ ಕೈ ಕಟ್ಟಿದ. ಚಹಾಕ್ಕೆ ಸಕ್ಕರೆ ಹಾಕುವುದು ಅದರ ಕೆಲಸ. ಲೋಟ ಎಲ್ಲಿದೆ ಎಂದು ಹೇಳಿದರೆ ಸಾಕು, ಯಾವ ಕೀಲು ಎಷ್ಟು ಮಡಚಬೇಕೆಂದು ಅವನ ಕೋಡ್ ಲೆಕ್ಕ ಹಾಕುತ್ತಿತ್ತು.

ಮೊದಲ ಸಲವೇ ಅದರ ಮೊಣಕೈ ಕೆಳಗಿಳಿದು ಮೇಜಿಗೆ ಬಡಿಯಿತು. ಲೋಟ ಉರುಳಿ ಚಹಾ ಎದುರಿಗೆ ಕೂತಿದ್ದ ಅಮ್ಮನ ಮಡಿಲ ಪಾಲಾಯಿತು.

“ಲೆಕ್ಕ ಸರಿಯಾಗೇ ಇದೆ ಅಕ್ಕ,” ಎಂದ ಮಾವ. “ಭುಜ, ಮೊಣಕೈ, ಮಣಿಕಟ್ಟು ಸೇರಿ ಒಂದು ತ್ರಿಕೋನ. ಮೂರೂ ಬದಿ ಗೊತ್ತಿದ್ರೆ ಕೋನ ಸಿಗುತ್ತೆ. ಆದ್ರೆ ಮೊಣಕೈ ಮೇಲಕ್ಕಿದ್ರೂ ಸರಿ, ಕೆಳಕ್ಕಿದ್ರೂ ಸರಿ. ಎರಡು ಉತ್ತರ.”

“ಕೆಳಗೆ ಮೇಜಿದೆ ಅಂತ ಅದಕ್ಕೆ ಹೇಳಿದ್ಯೇನೋ?”

ಮಾವ ಗೊಣಗುತ್ತಾ ಕೋಡಿನಲ್ಲಿ ಮೊಣಕೈ ಕೋನದ ಮೈನಸ್ಸನ್ನು ಪ್ಲಸ್ ಮಾಡಿದ, ಭುಜದ ಕೋನವನ್ನೂ ಹೊಸದಾಗಿ ಲೆಕ್ಕ ಹಾಕಿಸಿದ, ಆಮೇಲೆ ಬಗ್ಗಿ ನೋಡುತ್ತಾ ನಿಂತ. ಈ ಸಲ ಮೊಣಕೈ ಮೇಲೆದ್ದು ಅವನ ಕನ್ನಡಕವನ್ನೇ ಹಾರಿಸಿತು. ಚಮಚ ಮಾತ್ರ ಕೂದಲೆಳೆಯಷ್ಟೂ ತಪ್ಪದೆ ಲೋಟಕ್ಕೆ ಸಕ್ಕರೆ ಸುರಿಯಿತು.

“ನೋಡಿದ್ಯಾ, ಲೆಕ್ಕ ಸರಿ!” ಎಂದ ಮಾವ, ಕನ್ನಡಕಕ್ಕಾಗಿ ನೆಲ ತಡಕಾಡುತ್ತಾ.

“ಮೂರನೇ ಉತ್ತರ ಇದ್ಯಾ?” ಅಮ್ಮ ಕೇಳಿದಳು.

“ಇಲ್ಲ.”

“ಹಾಗಾದ್ರೆ ನಿನ್ನ ತಲೆ ಆಚೆ ತೆಗಿ. ಅದಕ್ಕೆ ಕೋಡ್ ಬೇಡ.”