ಕನ್ನಡಿಯ ಮುಂದಿನ ಮೈನಸ್

ಪೀಣ್ಯದ ಕಾರ್ಖಾನೆಯಲ್ಲಿ ನಾನು ಲೇತ್ ಹಿಡಿದು ಬಹಳ ವರ್ಷಗಳಾದವು. ಈಗಿನದು ಸಿಎನ್‌ಸಿ, ಅಂಕಿ ಕೊಟ್ಟರೆ ತಾನೇ ಕೊರೆಯುತ್ತದೆ. ಒಂಬತ್ತನೇ ತರಗತಿಗೆ ಓದು ಬಿಟ್ಟವನು ನಾನು. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆದರೆ ದಿನವಿಡೀ ನಿಂತು ನಿಂತು ಮೊಣಕಾಲು ಸೋತಿತ್ತು. ಕುಳಿತು ಮಾಡುವ ಸೂಪರ್‌ವೈಸರ್ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಬೇಕೇ ಬೇಕು ಎಂದರು. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿದೆ. ಉಳಿದದ್ದೆಲ್ಲ ಪಾಸಾಯಿತು, ವಿಜ್ಞಾನ ಹೋಯಿತು. ಮತ್ತೆ ಕಟ್ಟಿದೆ. ಈ ಸಲವೂ ಹೋದರೆ ಇನ್ನೊಮ್ಮೆ ಪುಸ್ತಕ ಹಿಡಿಯುವ ಶಕ್ತಿ ನನ್ನಲ್ಲಿ ಇರಲಿಲ್ಲ.

ನಮ್ಮ ವಠಾರದಲ್ಲೇ ಹೈಸ್ಕೂಲಿನ ವಿಜ್ಞಾನದ ಮೇಡಂ ಒಬ್ಬರಿದ್ದರು, ನನಗಿಂತ ಬಹಳ ಚಿಕ್ಕವರು. ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಪಾಠ ಹೇಳುತ್ತಿದ್ದರು. ವಾರದ ಆಯಾಸವೆಲ್ಲ ಆ ಹೊತ್ತಿಗೇ ಕಣ್ಣಿಗೆ ಇಳಿಯುತ್ತಿತ್ತು.

ಒಂದು ಭಾನುವಾರ ಅವರು ಕೊಟ್ಟ ಲೆಕ್ಕ ಇದು: ನಿಮ್ನ ದರ್ಪಣದ, ಅಂದರೆ ಒಳಬಾಗಿದ ಕನ್ನಡಿಯ, ಸಂಗಮದೂರ ಹತ್ತು ಸೆಂಟಿಮೀಟರ್, ವಸ್ತು ಮೂವತ್ತು ಸೆಂಟಿಮೀಟರ್ ಮುಂದಿದೆ, ಪ್ರತಿಬಿಂಬ ಎಲ್ಲಿ? ಒಂದರ ಮೇಲೆ ವಿ, ಕೂಡಿಸು ಒಂದರ ಮೇಲೆ ಯು, ಸಮ ಒಂದರ ಮೇಲೆ ಎಫ್. ಬಾಯಿಪಾಠವಾಗಿದ್ದ ಸೂತ್ರ; ವಿ ಪ್ರತಿಬಿಂಬದ ದೂರ, ಯು ವಸ್ತುವಿನ ದೂರ, ಎಫ್ ಸಂಗಮದೂರ. ಹತ್ತನೆಯ ಒಂದರಲ್ಲಿ ಮೂವತ್ತನೆಯ ಒಂದನ್ನು ಕಳೆದೆ, ಹದಿನೈದನೆಯ ಒಂದು ಬಂತು. ವಿ ಪ್ಲಸ್ ಹದಿನೈದು. ಪ್ಲಸ್ ಎಂದರೆ ಕನ್ನಡಿಯ ಹಿಂದೆ, ಮಿಥ್ಯ ಪ್ರತಿಬಿಂಬ ಎಂದು ಪುಸ್ತಕದಲ್ಲಿತ್ತು. ಹಾಗೇ ಬರೆದೆ.

ಮೇಡಂ ನೋಡಿ, "ಅಣ್ಣ, ಯು ಪ್ಲಸ್ ಯಾಕೆ ಹಾಕಿದ್ರಿ?" ಎಂದರು.

"ಕನ್ನಡಿ ಮುಖ ಜೀರೋ ಅಲ್ವಾ ಮೇಡಂ? ಮುಖದಿಂದ ಹೊರಗಿರೋದು ಪ್ಲಸ್, ಒಳಗೆ ಹೋದ್ರೆ ಮೈನಸ್. ನಮ್ಮ ಮಿಷಿನ್‌ನಲ್ಲಿ ಅಂಗೇ, ಕೊರೆಯೋ ಪೀಸಿನ ಮುಖಾನೇ ಜೀರೋ. ತಪ್ಪಿದ್ರೆ ಟೂಲ್ ಮುರಿಯತ್ತೆ."

"ಇಲ್ಲಿ ಬೆಳಕು ಹೋಗೋ ದಿಕ್ಕು ಪ್ಲಸ್. ಜೀರೋ ಇಲ್ಲೂ ಕನ್ನಡಿ ಮೇಲೇ, ಅದನ್ನ ಧ್ರುವ ಅಂತೀವಿ. ಅಲ್ಲಿಂದ ವಸ್ತು ಕಡೆಗೆ ಅಳೆದ್ರೆ ಬೆಳಕಿಗೆ ಎದುರು ಹೋದ ಹಾಗೆ. ಯು ಮೈನಸ್, ನಿಮ್ನಕ್ಕೆ ಎಫ್ ಕೂಡ ಮೈನಸ್."

"ಎಲ್ಲಾದಕ್ಕೂ ಮೈನಸ್ ಹಾಕಿದ್ರೂ ಹದಿನೈದೇ ತಾನೇ?"

ಅಡುಗೆಮನೆಯಿಂದ ಹೆಂಡತಿ, "ಸೂಪರ್‌ವೈಸರ್ ಆಗೋಕ್ ಮುಂಚೇನೇ ವಾದ ಶುರು," ಎಂದಳು.

ಮೇಡಂ ನಗಲಿಲ್ಲ. "ವರ್ಧನೆ ಮಾಡಿ, ಪ್ರತಿಬಿಂಬ ವಸ್ತುವಿನ ಎಷ್ಟು ಪಟ್ಟು ಅಂತ," ಎಂದರು. ಮೈನಸ್ ವಿ ಭಾಗಿಸು ಯು. ಮೈನಸ್ ಅರ್ಧ ಬಂತು: ಅರ್ಧದಷ್ಟು ಗಾತ್ರ, ತಲೆಕೆಳಗು. "ತಲೆಕೆಳಗೂ ಅಂತೀರ, ಕನ್ನಡಿ ಹಿಂದೆ ಅಂತೀರ. ಎರಡೂ ಒಟ್ಟಿಗೆ ಆಗಲ್ಲ ಅಣ್ಣ."

ಆದರೂ ನನಗೆ ಒಪ್ಪಲು ಮನಸ್ಸಾಗಲಿಲ್ಲ. ಕೈಗೆ ಹತ್ತಿದ ಲೆಕ್ಕವನ್ನು ಈ ವಯಸ್ಸಿನಲ್ಲಿ ಬಿಡುವುದು ಸುಲಭವಲ್ಲ. ಅವರು ಮನೆಗೆ ಹೋಗಿ ಹತ್ತು ಸೆಂಟಿಮೀಟರ್ ಸಂಗಮದೂರದ್ದೇ ಆದ ಸ್ಕೂಲಿನ ನಿಮ್ನ ದರ್ಪಣವನ್ನೂ ಮೇಣದಬತ್ತಿಯನ್ನೂ ತಂದರು. ಕಿಟಕಿ ಮುಚ್ಚಿ, ಮೂವತ್ತು ಸೆಂಟಿಮೀಟರ್ ಅಳೆದು ಬತ್ತಿ ಹಚ್ಚಿದರು. "ಹಿಂದೆ ಇದ್ರೆ ಕಾಗದದ ಮೇಲೆ ಬೀಳಲ್ಲ. ನೀವೇ ಹುಡುಕಿ," ಎಂದು ಸಣ್ಣ ಚೀಟಿ ಕೊಟ್ಟರು. ಬತ್ತಿಯ ಬೆಳಕಿಗೆ ಅಡ್ಡವಾಗದಂತೆ ಒಂದು ಪಕ್ಕದಲ್ಲಿ ಹಿಡಿದು ಹಿಂದೆ ಮುಂದೆ ಸರಿಸಿದೆ. ಕನ್ನಡಿಯ ಮುಂದೆಯೇ, ಹದಿನೈದರ ಹತ್ತಿರ, ಪುಟ್ಟ ಜ್ವಾಲೆಯೊಂದು ತಲೆಕೆಳಗಾಗಿ ನಿಂತಿತು.

"ಆಯ್ತು ಬಿಡಿ, ಮೈನಸ್," ಎಂದೆ. ಸೋತ ಬೇಸರಕ್ಕಿಂತ ಮತ್ತೆ ಮೊದಲಿನಿಂದ ಕಲಿಯಬೇಕಲ್ಲ ಎಂಬ ಸುಸ್ತೇ ಹೆಚ್ಚಾಗಿತ್ತು. ಅಲ್ಲಿಂದ ಮುಂದೆ ಪ್ರತಿ ಲೆಕ್ಕಕ್ಕೂ ಮೊದಲು ಬೆಳಕಿನ ಬಾಣ ಬರೆದು, ಆಮೇಲೆ ಅಂಕಿ ಮುಟ್ಟುವುದನ್ನು ರೂಢಿ ಮಾಡಿಕೊಂಡೆ.

ಪರೀಕ್ಷೆಯಲ್ಲೂ ನಿಮ್ನ ದರ್ಪಣವೇ ಬಂತು: ಸಂಗಮದೂರ ಹದಿನೈದು, ವಸ್ತು ಹತ್ತು ಸೆಂಟಿಮೀಟರ್ ದೂರದಲ್ಲಿ. ಬಾಣ ಬರೆದೆ. ಎಫ್ ಮೈನಸ್ ಹದಿನೈದು, ಯು ಮೈನಸ್ ಹತ್ತು. ಮೈನಸ್ ಹದಿನೈದನೆಯ ಒಂದಕ್ಕೆ ಹತ್ತನೆಯ ಒಂದು ಕೂಡಿಸಿದರೆ ಮೂವತ್ತನೆಯ ಒಂದು. ವಿ ಪ್ಲಸ್ ಮೂವತ್ತು.

ಆ ಪ್ಲಸ್ ಕಂಡು ಕೈ ನಿಂತುಹೋಯಿತು. ಹಳೆಯ ಮಿಷಿನ್ ಲೆಕ್ಕ ಮತ್ತೆ ನುಸುಳಿತೇ? ಅದನ್ನು ಹೊಡೆದು ಮೈನಸ್ ಮಾಡಲು ಪೆನ್ನು ಇಟ್ಟೇಬಿಟ್ಟಿದ್ದೆ. ತಡೆದು, ವರ್ಧನೆ ಮಾಡಿ ನೋಡಿದೆ. ಮೈನಸ್ ಮೂವತ್ತನ್ನು ಮೈನಸ್ ಹತ್ತರಿಂದ ಭಾಗಿಸಿದರೆ ಪ್ಲಸ್ ಮೂರು: ಮೂರು ಪಟ್ಟು ದೊಡ್ಡದು, ನೇರ. ನೇರವಾದದ್ದು ಹಿಂದೆಯೇ ಇರಬೇಕು. ವಸ್ತು ಸಂಗಮಬಿಂದುವಿಗಿಂತ ಒಳಗಿದೆ, ಸರಿಯೇ. ಮಿಥ್ಯ, ನೇರ, ದೊಡ್ಡದು ಎಂದು ಬರೆದು ಗೆರೆ ಎಳೆದೆ.

ಹೊರಗೆ ಬಂದಾಗ ಪಕ್ಕದ ಬೆಂಚಿನವನು, "ಕನ್ನಡಿದು ಮೈನಸ್ ತಾನೇ ಅಣ್ಣ?" ಎಂದ.

"ನಂದು ಪ್ಲಸ್," ಎಂದೆ. ಅವನು ಅಯ್ಯೋ ಪಾಪ ಎನ್ನುವಂತೆ ನೋಡಿದ. ಸೆಕೆಂಡ್ ಶಿಫ್ಟಿಗೆ ಹೊತ್ತಾಗುತ್ತಿತ್ತು, ವಾದಿಸುವ ಚೈತನ್ಯವೂ ಇರಲಿಲ್ಲ.

ಫಲಿತಾಂಶವನ್ನು ಹೆಂಡತಿಯೇ ಮೊಬೈಲಿನಲ್ಲಿ ನೋಡಿದಳು. "ಪಾಸು ಕಣ್ರೀ. ಅಂಚಲ್ಲಿ ಪಾಸು," ಎಂದಳು. ಆ ಲೆಕ್ಕವೊಂದು ತಪ್ಪಿದ್ದರೆ ಅಂಚಿನ ಆಚೆಗೆ ಬೀಳುತ್ತಿದ್ದೆ. ಮೇಡಂಗೆ ಹೇಳಿ ಬಾ ಎಂದು ಅವಳನ್ನು ಕಳಿಸಿ, ಗೋಡೆಗೆ ಒರಗಿ ಕಾಲು ಚಾಚಿ ಕುಳಿತೆ.