ಅರವತ್ತು ಕೂಸುಗಳ ಲೆಕ್ಕ

ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವನ ಪಾಡು ಮುಹೂರ್ತ ನೋಡುವವನ ಪಾಡಿದ್ದಂತೆ. ಕಲ್ಯಾಣ ಮಂಟಪ ಮೊದಲೇ ಗೊತ್ತು ಮಾಡಿ, ಆಮೇಲೆ ಬಂದು ಆ ದಿನವೇ ಒಳ್ಳೆಯ ಮುಹೂರ್ತ ಬರಬೇಕು ಅನ್ನುತ್ತಾರಲ್ಲ, ಹಾಗೆ. ಎಂ.ಡಿ. ಓದುವ ಹುಡುಗರು ನನ್ನ ಕೋಣೆಗೆ ಬಂದು, "ಸರ, ಅರವತ್ತು ಬರೂಹಂಗ ಮಾಡಿಕೊಡ್ರಿ" ಅನ್ನುತ್ತಾರೆ. ಎಷ್ಟು ರೋಗಿಗಳು ಬೇಕು ಎಂದು ಕೇಳುವವರು ಕಡಿಮೆ. ಅರವತ್ತು ಸಾಕು ಎಂದು ಅವರ ಗೈಡು ಆಗಲೇ ಹೇಳಿರುತ್ತಾರೆ. ನನ್ನದು ಸಹಿ ಮಾತ್ರ. ನಾನು ಇಂಡಿಯವನು, ನಿಂಬೆಹಣ್ಣಿನ ಊರಿನವನು. ನಾಲಿಗೆಯೂ ಹಾಗೇ ಇದೆ ಎಂದು ಹುಡುಗರು ಹಿಂದಿನಿಂದ ಆಡಿಕೊಳ್ಳುತ್ತಾರೆ.

ಆ ಹುಡುಗಿಯೂ ಅರವತ್ತು ಕೇಳಿಕೊಂಡೇ ಬಂದಳು. ಮುದ್ದೇಬಿಹಾಳದವಳು, ಮಕ್ಕಳ ವಿಭಾಗದಲ್ಲಿ ಓದುತ್ತಿದ್ದಳು. ಅವಳ ವಿಷಯ ಮಾತ್ರ ಚೊಕ್ಕವಾಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಆಸ್ಪತ್ರೆಗಳಲ್ಲಿ ತೂಕ ಕಡಿಮೆ ಇರುವ ಕೂಸು ಹುಟ್ಟಿದರೆ ಆಂಬುಲೆನ್ಸಿನಲ್ಲಿ ನಮ್ಮಲ್ಲಿಗೆ ಕಳಿಸುತ್ತಾರೆ. ತಾಯಿ ಅಲ್ಲೇ ಉಳಿದಿರುತ್ತಾಳೆ, ಅಜ್ಜಿಯೋ ಅತ್ತೆಯೋ ಕೂಸನ್ನು ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಹಾಗೆ ತರುವ ಬದಲು ರವಿಕೆಯೊಳಗೆ ಬರೀ ಮೈಗೆ, ಎದೆಗೆ ಹಚ್ಚಿಕೊಂಡು ತಂದರೆ ಸಾಯುವ ಕೂಸುಗಳು ಕಡಿಮೆಯಾಗುತ್ತವೆಯೇ? ಇದು ಅವಳ ಪ್ರಶ್ನೆ.

"ಅರವತ್ತರಾಗ ಇದು ಕಾಣೂದಿಲ್ಲವ್ವಾ" ಅಂದೆ.

"ಯಾಕ್ರಿ ಸರ?"

ಅವಳನ್ನು ಕೂರಿಸಿ ಲೆಕ್ಕ ತೋರಿಸಿದೆ. ಬಟ್ಟೆಯಲ್ಲಿ ಸುತ್ತಿ ತಂದ ಕೂಸುಗಳಲ್ಲಿ ನೂರಕ್ಕೆ ಹತ್ತು ಹೋಗುತ್ತವೆ, ಎದೆಗೆ ಹಚ್ಚಿ ತಂದರೆ ಏಳು ಎಂದು ಇಟ್ಟುಕೊಳ್ಳೋಣ. ಆ ಮೂರರ ಅಂತರವೇ ನಾವು ಹುಡುಕುತ್ತಿರುವ ಪರಿಣಾಮ. ಅಂತರ ನಿಜವಾಗಿ ಇದ್ದಾಗ ನೂರಕ್ಕೆ ಎಂಬತ್ತು ಸಲವಾದರೂ ಅದು ನಮ್ಮ ಕಣ್ಣಿಗೆ ಬೀಳಬೇಕು; ಅಧ್ಯಯನದ ಬಲ ಅನ್ನುವುದು ಅದನ್ನೇ. ಅಂತರ ಇಲ್ಲದಾಗ ಇದೆ ಎಂದು ಸುಮ್ಮನೆ ಬೊಬ್ಬೆ ಹೊಡೆಯುವುದು ಮೊದಲನೆಯ ಬಗೆಯ ತಪ್ಪು. ಅದು ನೂರಕ್ಕೆ ಐದು ಸಲ ದಾಟಬಾರದು. ಇಷ್ಟೂ ಆಗಬೇಕೆಂದರೆ ಎರಡು ಸಾವಿರದ ಏಳುನೂರರ ಸುತ್ತ ಕೂಸುಗಳು ಬೇಕು.

"ಗೈಡ್ ಸರ್ ಅರವತ್ತು ಬರತೈತಿ ಅಂದ್ರಲ್ರಿ."

"ಬರತೈತಿ. ತೊಡಿ ಮ್ಯಾಲಿನ ಕೂಸುಗಳು ನೂರಕ್ಕ ನಲವತ್ತು ಸಾಯ್ತಾವ, ಎದಿಗೆ ಹಚ್ಚಿದ್ರ ಹತ್ತ ಅಂತ ಬರಿ, ಬರತೈತಿ. ನಿಮ್ಮ ಮುದ್ದೇಬಿಹಾಳದಾಗ ಹತ್ತಕ್ಕ ನಾಕು ಕೂಸು ಸಾಯ್ತಾವೇನು?"

ಸಾವು ಬಿಡು, ಬಂದಾಗ ಕೂಸಿನ ಮೈ ಎಷ್ಟು ಬೆಚ್ಚಗಿದೆ ನೋಡು ಅಂದೆ. ಅರ್ಧ ಡಿಗ್ರಿ ಅಂತರವನ್ನು ಹಿಡಿಯಲು, ಕೂಸಿನಿಂದ ಕೂಸಿಗೆ ಒಂದು ಡಿಗ್ರಿ ಏರುಪೇರಿದ್ದರೂ, ಅರವತ್ತನಾಲ್ಕರ ಎರಡು ಗುಂಪು ಸಾಕು. ನಡುವೆ ಬಿಟ್ಟುಹೋಗುವ ಕೂಸುಗಳನ್ನೂ ಹಿಡಿದು ಒಟ್ಟು ನೂರೈವತ್ತು.

"ಕೂಸು ಸತ್ತದ್ದು ಬಿಟ್ಟು ಥರ್ಮಾಮೀಟರ್ ನೋಡ್ಕೋತ ಕೂಡ್ಲೇನ್ರಿ?" ಎಂದು ಎದ್ದು ಹೋದಳು.

ಮರುವಾರ ಮತ್ತೆ ಬಂದಳು. ಮತ್ತೆ ಅರವತ್ತು, ಮತ್ತೆ ಸಾವು. ಮೂರನೆಯ ಸಲ ಬಂದಾಗ ನನಗೆ ರೇಗಿತು. "ಅರವತ್ತು ಕೂಸು ತಂದ್ರ ಏನ ಬರತೈತಿ ಗೊತ್ತೇನು ನಿನಗ? 'ವ್ಯತ್ಯಾಸ ಇಲ್ಲ' ಅಂತ ಬರತೈತಿ. ಇದ್ರೂ ಅದ ಉತ್ತರ, ಇರದಿದ್ರೂ ಅದ ಉತ್ತರ. ದೊಡ್ಡ ಕಣ್ಣಿನ ಜರಡಿಗೆ ಸಾಸಿವಿ ಹಾಕಿ, ಜರಡ್ಯಾಗ ಏನೂ ಉಳೀಲಿಲ್ಲ, ಸಾಸಿವೀನ ಇರಲಿಲ್ಲ ಅಂದಂಗ. ಇದ್ದದ್ದನ್ನ ಇಲ್ಲ ಅನ್ನೂ ಎರಡನೇ ತಪ್ಪು ಇದ. ಇಷ್ಟ ಹೇಳಿದ್ರೂ ತಿಳಿಯೂದಿಲ್ಲೇನು?"

"ತಿಳದೈತ್ರಿ" ಅಂದಳು. ದನಿ ಸಣ್ಣದಾಗಿತ್ತು. "ಇಲ್ಲ ಅಂತ ಬಂದ್ರ ನಮ್ಮವ್ವ ನಿದ್ದಿ ಮಾಡ್ತಾಳ್ರಿ ಸರ."

ಆಮೇಲೆ ಹೇಳಿದಳು. ಅವಳ ಅಕ್ಕನ ಮೊದಲ ಕೂಸು, ತೂಕ ಕಡಿಮೆ. ಮುದ್ದೇಬಿಹಾಳದಿಂದ ಆಂಬುಲೆನ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವಳು ಅವಳವ್ವ. ಇಳಿಸಿಕೊಂಡ ಡಾಕ್ಟರು ಕೂಸಿನ ಪಾದ ಮುಟ್ಟಿ, "ಏನ್ ಅಮ್ಮಾ ನೀವು, ಎದಿಗೆ ಹಚ್ಚಿ ತರಬಾರದೇನು" ಅಂದರಂತೆ. ಅಂದದ್ದು ಒಂದೇ ಸಲ. ಕೂಸು ಎರಡು ದಿನ ಇತ್ತು. ಅಕ್ಕ ಅವ್ವನಿಗೆ ಏನೂ ಅನ್ನಲಿಲ್ಲ. ಮಾತು ಮಾತ್ರ ಕಡಿಮೆ ಮಾಡಿದಳು.

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಈ ಕೆಲಸದಲ್ಲಿ ನನ್ನ ತಲೆ ಹಣ್ಣಾಗಿದೆ. ತಪ್ಪು ಉತ್ತರವನ್ನು ಹೀಗೆ ಪ್ರೀತಿಯಿಂದ ಬಯಸಿದವರನ್ನು ನಾನು ಕಂಡಿರಲಿಲ್ಲ. ಸಹಿ ಮಾಡಿಬಿಡಲೇ ಅನ್ನಿಸಿತು. ಒಬ್ಬ ಮುದುಕಿ ನಿದ್ದೆ ಮಾಡಿದರೆ ಯಾರಿಗೇನು ನಷ್ಟ? ಆದರೆ ನಷ್ಟ ಯಾರಿಗೆಂದು ನನಗೆ ಗೊತ್ತಿತ್ತು.

"ನಿನ್ನ ಪೇಪರ್ ಓದಿ ಸಿಂದಗ್ಯಾಗ ಒಬ್ಬ ನರ್ಸಮ್ಮ, ಎದಿಗೆ ಹಚ್ಚಿದ್ರೂ ಅಷ್ಟ, ಬಿಟ್ರೂ ಅಷ್ಟ ಅಂತ ಸುಮ್ಮನಾಗ್ತಾಳ. ಆಗ ಇನ್ನೊಬ್ಬಾಕಿ ಅವ್ವ ತೊಡಿ ಮ್ಯಾಲೆ ಇಟ್ಕೊಂಡು ಬರ್ತಾಳ" ಅಂದೆ.

ಅವಳು ಅತ್ತಳು. ಮರುದಿನ ನೂರೈವತ್ತಕ್ಕೆ, ಮೈಬಿಸಿಗೆ, ಅವಳೇ ಬರೆದುಕೊಂಡು ಬಂದಳು. ಅವಳ ಗೈಡು ನನ್ನೊಡನೆ ಇವತ್ತಿಗೂ ನೆಟ್ಟಗೆ ಮಾತಾಡುವುದಿಲ್ಲ.

ನಾಲ್ಕೂ ತಾಲೂಕಿಗೆ ಬಸ್ಸಿನಲ್ಲಿ ಓಡಾಡಿ ನರ್ಸುಗಳಿಗೆ ಕಲಿಸಿದಳು. ಯಾವ ಕೂಸು ಹೇಗೆ ಬರಬೇಕೆಂಬುದು ಮುಚ್ಚಿದ ಲಕೋಟೆಯೊಳಗಿನ ಚೀಟಿ ಹೇಳಿದಂತೆ. ಕೊನೆಗೆ ಲೆಕ್ಕ ಹಾಕಿದಾಗ ಎದೆಯ ಮೇಲೆ ಬಂದ ಕೂಸುಗಳು ಬೆಚ್ಚಗಿದ್ದವು. ಅಂತರ ಅರ್ಧ ಡಿಗ್ರಿಗೂ ಮೇಲಿತ್ತು, ಬರೀ ಅದೃಷ್ಟ ಎಂದು ತಳ್ಳಿಹಾಕುವಂತಿರಲಿಲ್ಲ. ಸಾವುಗಳನ್ನೂ ಎಣಿಸಿದ್ದಳು. ಎರಡೂ ಗುಂಪಿನಲ್ಲಿ ಕೆಲವಿದ್ದವು. ಅಲ್ಲಿ ಅವಳು 'ವ್ಯತ್ಯಾಸವಿಲ್ಲ' ಎಂದು ಬರೆಯಲಿಲ್ಲ. 'ಇಷ್ಟು ಕೂಸುಗಳಿಂದ ಇದನ್ನು ಹೇಳಲಾಗದು' ಎಂದು ಬರೆದಿದ್ದಳು. ಆ ಸಾಲು ನಾನು ಹೇಳಿಕೊಟ್ಟದ್ದಲ್ಲ.

ಪದವಿ ಬಂದ ಮೇಲೆ ಊಟಕ್ಕೆ ಕರೆದಳು. ಮುದ್ದೇಬಿಹಾಳಕ್ಕೆ ಹೋದೆ. ಅವಳವ್ವ ನಿವೃತ್ತ ಕನ್ನಡ ಸಾಲಿ ಟೀಚರು. ತಟ್ಟೆಗೆ ಎಣಗಾಯಿ ಬಡಿಸಿ ಎದುರಿಗೆ ಕೂತರು. ಮಗಳು ರೊಟ್ಟಿ ತರುತ್ತಿದ್ದಳು.

"ಎದಿಗೆ ಹಚ್ಚಿದ್ರ ಬೆಚ್ಚಗ ಬರ್ತಾವಂತ ಸಾಬೀತಾತಂತಲ್ರಿ ಸರ?"

"ಹೌದ್ರಿ ಅಕ್ಕಾರ."

"ಹಂಗಾದ್ರ ನಮ್ಮ ಕೂಸು ಉಳೀತಿತ್ತೇನ್ರಿ?"

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. "ಗೊತ್ತಿಲ್ರಿ. ನಾವು ನೋಡಿದ್ದು ಮೈಬಿಸಿ, ಜೀವ ಅಲ್ಲ. ನೂರಾರು ಕೂಸಿನ ಮಾತು ಹೇಳಬಹುದು ನಮ್ಮ ಲೆಕ್ಕ. ಒಂದು ಕೂಸಿನ ಮಾತು ಅದಕ್ಕ ಗೊತ್ತಾಗೂದಿಲ್ಲ." ನಿಜವನ್ನೇ ಹೇಳಿದ್ದೆ. ಆದರೂ ನನ್ನ ಬಾಯಿ ಕಹಿಯಾಯಿತು.

ಅವರು ತಲೆಯಾಡಿಸಿದರು. ತಮ್ಮ ಎರಡೂ ಅಂಗೈ ತಿರುವಿ ನೋಡಿಕೊಂಡರು.

"ಬಾಗೇವಾಡಿ ತನಕಾ ಬೆಚ್ಚಗ ಇತ್ರಿ. ಮನಗೂಳಿ ಬರೂದ್ರಾಗ ಪಾದ ತಣ್ಣಗಾಗಿದ್ದು ನನ್ನ ಕೈಗೆ ಗೊತ್ತಾತು. ನನ್ನ ಮೈ ಮ್ಯಾಲಿನ ಶಾಲು ತಗದು ಅದನ್ನೂ ಸುತ್ತಿದ್ನಿರಿ."

ಮಗಳು ರೊಟ್ಟಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.