‘ಆಯ್ತು ಮೇಡಂ’ ಬರೆದ ನಿರಾಕರಣ ಪತ್ರ

ನನ್ನ ಸೊಸೆಗೆ ಕಚೇರಿಯಲ್ಲಿ ‘ಆಯ್ತು ಮೇಡಂ’ ಎಂಬ ಅಡ್ಡಹೆಸರಿದೆ. ಯಾರು ಏನು ಕೇಳಿದರೂ ಆಕೆಯ ಬಾಯಿಂದ ಬರುವುದು ‘ಆಯ್ತು’ ಎಂಬ ಒಂದೇ ಮಾತು. ಆಸ್ಪತ್ರೆಗಳ ರಕ್ತದೊತ್ತಡದ ಯಂತ್ರ, ತೂಕದ ಯಂತ್ರ, ಔಷಧ ಹನಿಸುವ ಪಂಪು ಇವೆಲ್ಲ ಸರಿಯಾದ ಅಳತೆ ತೋರಿಸುತ್ತವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಪ್ರಯೋಗಾಲಯವೊಂದರಲ್ಲಿ ೨೦೧೬ರ ಆಗಸ್ಟ್ ೧ರಿಂದ ಆಕೆ ತಂಡದ ಮುಖ್ಯಸ್ಥೆ.

೨೦೧೯ರ ಮಾರ್ಚ್ ೪, ಸೋಮವಾರ ಸಂಜೆ ಆಕೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಊಟದ ಮೇಜಿನ ಬಳಿ ಕುಳಿತಳು.

“ಮಾವ, ಇನ್ನೊಂದು ಆಸ್ಪತ್ರೆ ಕೆಲಸ ತಂದು ತಲೆ ಮೇಲೆ ಇಟ್ಟಿದಾರೆ, ಕೂಡಲೇ ಆಗ್ಬೇಕಂತೆ. ನಾಳೆ ಉತ್ತರ ಹೇಳ್ಬೇಕು.”

“ಆಯ್ತು ಅಂದ್ಯಾ?”

“ನಾಲಿಗೆ ತುದಿವರೆಗೂ ಬಂದಿತ್ತು. ನುಂಗ್ಕೊಂಡೆ.”

ಕಾರಣವನ್ನು ನಿಧಾನವಾಗಿ ಹೇಳಿದಳು. ಯಂತ್ರವನ್ನು ಅಳೆದವರೇ ಅದರ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಅಧಿಕಾರ ಪಡೆದ ಬೇರೊಬ್ಬರು ಪ್ರತಿ ಅಂಕಿಯನ್ನೂ ತಾಳೆ ನೋಡಬೇಕು. ಅಂಥವರು ತಂಡದಲ್ಲಿ ಸೊಸೆಯೂ ಸೇರಿ ಇಬ್ಬರೇ. ಮತ್ತೊಬ್ಬಾಕೆ ಹೆರಿಗೆ ರಜೆಯಲ್ಲಿದ್ದು, ಏಪ್ರಿಲ್ ೧೫ಕ್ಕೆ ಹಿಂದಿರುಗುವವಳು. ಹಿಂದಿನ ವಾರ ಒಂದು ಪಂಪಿನ ಅಂಕಿಗಳು ಪಕ್ಕದ ಕಾಲಮ್ಮಿಗೆ ಜಾರಿ ಕುಳಿತಿದ್ದವು. ಅವಸರದಲ್ಲಿ ಸಹಿ ಹಾಕಲು ಹೊರಟ ಸೊಸೆ ಕೊನೆಯ ಗಳಿಗೆಯಲ್ಲಿ ಕೈ ತಡೆದಿದ್ದಳು.

“ಆ ಪಂಪು ಯಾವ್ದೋ ರೋಗಿ ಕೈಗೆ ಔಷಧಿ ಹನಿಸುತ್ತೆ ಮಾವ. ಇನ್ನೂ ಕೆಲಸ ತಗೊಂಡ್ರೆ ನೋಡ್ದೇ ಸಹಿ ಹಾಕ್ಬೇಕು, ಅಷ್ಟೇ.”

ಹಾಗಾದರೆ ಪತ್ರ ಬರೆಯಲೇಬೇಕಿತ್ತು. ನಾನು ಕನ್ನಡಕ ಏರಿಸಿ ಕರಡು ಹೇಳತೊಡಗಿದೆ: “ತಮ್ಮ ಘನ ಸಮ್ಮುಖಕ್ಕೆ ವಿನಮ್ರಳಾಗಿ ನಿವೇದಿಸಿಕೊಳ್ಳುವುದೇನೆಂದರೆ...”

“ಮಾವ, ಅವ್ರು ಮ್ಯಾನೇಜರು, ಮಹಾರಾಜರಲ್ಲ!”

ಅಡುಗೆಮನೆಯಿಂದ ನನ್ನ ಮಡದಿಯ ನಗು ಕೇಳಿಸಿತು. “ಅವಳೇ ಬರ್ಕೊಳ್ಲಿ ಬಿಡಿ. ನೀವು ತಾರೀಖು ನೋಡ್ಕೊಡಿ, ಸಾಕು.”

ಆಕೆಯೇ ಬರೆದಳು, ದಿನಾಂಕಗಳನ್ನು ಮಾತ್ರ ನಾನು ಕ್ಯಾಲೆಂಡರಿನೊಡನೆ ಹೋಲಿಸಿ ನೋಡಿದೆ. ಪತ್ರ ಹೀಗಿತ್ತು:

“ಈ ಯೋಜನೆಗೆ ನಮ್ಮ ತಂಡವನ್ನು ನೆನೆದದ್ದಕ್ಕೆ ಕೃತಜ್ಞತೆಗಳು. ಆದರೆ ಸದ್ಯಕ್ಕೆ ಇದನ್ನು ಒಪ್ಪಿಕೊಳ್ಳಲು ಸಾಧ್ಯವಾಗುತ್ತಿಲ್ಲ. ತಂಡ ದಿನಕ್ಕೆ ಹನ್ನೆರಡು ಯಂತ್ರಗಳನ್ನು ಅಳೆಯುತ್ತದೆ. ನಾನೊಬ್ಬಳೇ ಸರಿಯಾಗಿ ತಾಳೆ ನೋಡಬಹುದಾದದ್ದೂ ಹನ್ನೆರಡೇ. ಕೈಯಲ್ಲಿರುವ ಕೆಲಸ ಏಪ್ರಿಲ್ ೧೨ರವರೆಗೆ ಇಡೀ ದಿನವನ್ನು ತುಂಬಿದೆ. ಅಳೆಯುವವರನ್ನು ಹೆಚ್ಚಿಸಿದರೆ ನನ್ನ ಮೇಜಿನ ಮೇಲಿನ ರಾಶಿ ಬೆಳೆಯುತ್ತದೆಯೇ ಹೊರತು ಕೆಲಸ ಬೇಗ ಮುಗಿಯುವುದಿಲ್ಲ. ಏಪ್ರಿಲ್ ೧೫ರ ನಂತರವಾದರೆ ಸಂತೋಷದಿಂದ ಮಾಡುತ್ತೇವೆ. ಅದಕ್ಕೂ ಮೊದಲೇ ಬೇಕಾದಲ್ಲಿ, ಈಗಿನ ಯಾವ ಕೆಲಸವನ್ನು ಮುಂದೂಡಬೇಕೆಂದು ದಯವಿಟ್ಟು ತಿಳಿಸಿ.”

ಮರುದಿನ ಬೆಳಿಗ್ಗೆ ಪತ್ರ ತಲುಪಿದ ಕೂಡಲೇ ಮ್ಯಾನೇಜರು ಲ್ಯಾಪ್‌ಟಾಪನ್ನು ತಟ್ಟೆಯಂತೆ ಹಿಡಿದುಕೊಂಡು ಆಕೆಯ ಮೇಜಿಗೇ ಬಂದರಂತೆ.

“ಅಲ್ರೀ, ಯಾರಿಗೆ ಎಷ್ಟು ಕೆಲಸ ಅಂತ ನೀವೇ ತುಂಬಿರೋ ಶೀಟು ಇದು. ನಿಮ್ಮ ಹೆಸರಿನ ಮುಂದೆ ದಿನಾ ಅರ್ಧ ದಿನಕ್ಕಿಂತ ಜಾಸ್ತಿ ಖಾಲಿ ಇದೆ. ನಾನು ಕನಸು ಕಂಡು ಕೆಲಸ ಕೊಟ್ನಾ?”

ಸೊಸೆ ಬಗ್ಗಿ ನೋಡಿದಳು. ಮೀಟಿಂಗು ಇತ್ತು, ಹೊಸಬರಿಗೆ ಕಲಿಸುವುದಿತ್ತು; ತಾಳೆ ನೋಡುವ ಕೆಲಸ ಮಾತ್ರ ಎಲ್ಲಿಯೂ ಇರಲಿಲ್ಲ. ಅಳೆಯುವುದಷ್ಟೇ ಕೆಲಸ, ತಾಳೆ ನೋಡುವುದು ನಡುನಡುವೆ ಮಾಡಿಕೊಳ್ಳುವಂಥದ್ದು ಎಂದು ಭಾವಿಸಿ ಆಕೆ ಪ್ರತಿ ತಿಂಗಳೂ ಆ ಜಾಗವನ್ನು ಖಾಲಿ ಬಿಟ್ಟಿದ್ದಳು.

“ತಪ್ಪು ನಂದೇ ಸರ್. ಆ ಖಾಲಿ ಜಾಗದಲ್ಲೇ ಇವನ್ನೆಲ್ಲ ನೋಡ್ತೀನಿ,” ಎಂದು ಆಕೆ ಮೇಜಿನ ಮೇಲಿದ್ದ ಪ್ರಮಾಣಪತ್ರಗಳ ಕಟ್ಟನ್ನು ಅವರತ್ತ ಸರಿಸಿದಳು.

ಮ್ಯಾನೇಜರು ಕುರ್ಚಿ ಎಳೆದುಕೊಂಡು ಒಂದು ಪ್ರಮಾಣಪತ್ರವನ್ನು ತಾವೇ ತಾಳೆ ನೋಡಲು ಕುಳಿತರು. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣುಜ್ಜಿಕೊಂಡರು.

“ಇಂಥವು ದಿನಾ ಹನ್ನೆರಡಾ? ಇದನ್ನ ಮೊದಲೇ ಹೇಳೋಕೇನು ಧಾಡಿ?”

“ಆಯ್ತು ಅನ್ನೋದು ಅಭ್ಯಾಸ ಆಗ್ಬಿಟ್ಟಿತ್ತು ಸರ್.”

ಅವರು ಅಲ್ಲಿಂದಲೇ ಹೊಸ ಆಸ್ಪತ್ರೆಗೆ ಫೋನು ಮಾಡಿದರು. ಆ ಕಡೆಯವರು ಕೊಟ್ಟ ಉತ್ತರ ಕೇಳಿ ಪೆಚ್ಚಾದರು. ಆಸ್ಪತ್ರೆಯ ಹೊಸ ಕಟ್ಟಡ ತೆರೆಯುವುದೇ ಜೂನ್ ೩ರಂದು. ‘ಕೂಡಲೇ’ ಎಂಬ ಮಾತನ್ನು ಸೇರಿಸಿದವರು ಪ್ರಯೋಗಾಲಯದ್ದೇ ಮಾರಾಟ ವಿಭಾಗದವರು! ಏಪ್ರಿಲ್ ೧೫ ಎಂದು ನಿಶ್ಚಯವಾಯಿತು. ಶೀಟಿನಲ್ಲಿ ತಾಳೆ ನೋಡುವುದಕ್ಕೂ ಒಂದು ಸಾಲು ಸೇರಿತು. ಇನ್ನೊಬ್ಬ ಅನುಭವಿ ಸಹೋದ್ಯೋಗಿಗೆ ಆ ಅಧಿಕಾರ ಕೊಡಿಸುವ ತರಬೇತಿಯೂ ನಿಗದಿಯಾಯಿತು.

ಆ ದಿನ ಸೊಸೆ ಇನ್ನೂ ಬೆಳಕಿರುವಾಗಲೇ ಮನೆ ಸೇರಿದಳು. ಇದೇ ಸಮಯವೆಂದು ನಾನು ಕೇಳಿದೆ: “ನಾಳೆ ಬುಧವಾರ ನನ್ನನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀಯಾಮ್ಮ?”

“ಬುಧವಾರ ಆಗಲ್ಲ ಮಾವ. ಶನಿವಾರ ಆಗುತ್ತೆ.”

ಈ ಮನೆಗೆ ಬಂದಾಗಿನಿಂದ ಆಕೆ ನನಗೆ ‘ಆಗಲ್ಲ’ ಎಂದದ್ದು ಅದೇ ಮೊದಲು. ನಾನು ಏನಾದರೂ ಹೇಳುವ ಮೊದಲೇ ಮಡದಿ ಒಳಗಿನಿಂದ ಕೂಗಿದಳು, “ತಾರೀಖು ಹೇಳಮ್ಮ, ಇಲ್ಲಾಂದ್ರೆ ಅವ್ರಿಗೆ ನಿದ್ದೆ ಬರಲ್ಲ!”

“ಒಂಬತ್ತು, ಅತ್ತೆ,” ಎಂದಳು ಸೊಸೆ, ಚಪ್ಪಲಿಯನ್ನು ಬಾಗಿಲಲ್ಲಿ ಬಿಡುತ್ತ.